ಸರಾಸರಿ ನಂಬುವ ಮೊದಲು ಎರಡು ತಾರೀಖು ಕೇಳಿ: ಫಂಡ್ ಡೇಟಾಬೇಸ್‌ನಲ್ಲಿ ಸರ್ವೈವರ್‌ಶಿಪ್ ಮತ್ತು ಬ್ಯಾಕ್‌ಫಿಲ್ ಬಯಾಸ್ ಕಂಡುಹಿಡಿಯುವ ಬಗೆ

"ಈ ವರ್ಗದ ಫಂಡ್‌ಗಳು ಕಳೆದ ಹತ್ತು ವರ್ಷದಲ್ಲಿ ಸರಾಸರಿ ಇಷ್ಟು ಕೊಟ್ಟಿವೆ." ಹಣ ಹೂಡುವ ಯೋಚನೆ ಇರುವ ಎಲ್ಲರೂ ಈ ಸಾಲನ್ನು ಒಮ್ಮೆಯಾದರೂ ಓದಿರುತ್ತಾರೆ. ಓದಿದ ತಕ್ಷಣ ನಮ್ಮ ಕಣ್ಣು ಸಂಖ್ಯೆಯ ಮೇಲೆ ಹೋಗುತ್ತದೆ. "ಈ ಫಂಡ್‌ಗಳು" ಅಂದರೆ ಯಾವುವು ಅಂತ ನಾವು ಕೇಳುವುದಿಲ್ಲ. ಇವತ್ತು ಪಟ್ಟಿಯಲ್ಲಿ ಇರುವವೋ, ಹತ್ತು ವರ್ಷದ ಹಿಂದೆ ಇದ್ದವೋ? ಎರಡೂ ಒಂದೇ ಪಟ್ಟಿ ಅಲ್ಲ.

ಪಿಯುಸಿ ಫಲಿತಾಂಶ ಬಂದ ಮರುದಿನ ಪೇಪರ್‌ನಲ್ಲಿ ಬರುವ ಕೋಚಿಂಗ್ ಜಾಹೀರಾತು ನೆನಪಿಸಿಕೊಳ್ಳಿ. ಸಾಲುಸಾಲು ಫೋಟೋ, ಕೆಳಗೆ ಅಂಕ. ಆ ಅಂಕಗಳು ಸುಳ್ಳಲ್ಲ. ಆದರೆ ನಡುವೆ ಬಿಟ್ಟುಹೋದ ಮಕ್ಕಳ ಫೋಟೋ ಅಲ್ಲಿ ಇರುವುದಿಲ್ಲ. ಫಂಡ್ ಡೇಟಾಬೇಸ್‌ನಲ್ಲೂ ಹೀಗೇ ಆಗುತ್ತದೆ. ಒಂದೊಂದು ಸಂಖ್ಯೆಯೂ ಸರಿಯಾಗಿದ್ದು ಸರಾಸರಿ ಮಾತ್ರ ತಪ್ಪಾಗಬಹುದು.

ಇದು ಎರಡು ದಾರಿಯಲ್ಲಿ ಆಗುತ್ತದೆ. ಮುಚ್ಚಿಹೋದ ಫಂಡ್‌ಗಳು ಪಟ್ಟಿಯಿಂದ ಬಿದ್ದುಹೋದರೆ ಅದು ಸರ್ವೈವರ್‌ಶಿಪ್ ಬಯಾಸ್. ಹೊಸದಾಗಿ ಪಟ್ಟಿ ಸೇರುವ ಫಂಡ್ ತನ್ನ ಹಳೆಯ ಒಳ್ಳೆಯ ವರ್ಷಗಳನ್ನೂ ಜೊತೆಗೆ ತಂದು ತುಂಬಿಸಿದರೆ ಅದು ಬ್ಯಾಕ್‌ಫಿಲ್ ಬಯಾಸ್. ಮೊದಲನೆಯದು ಪಟ್ಟಿಯಿಂದ ಹೊರಹೋಗುವ ಬಾಗಿಲಿನ ತೊಂದರೆ, ಎರಡನೆಯದು ಒಳಬರುವ ಬಾಗಿಲಿನದು. ಹಾಗಾಗಿ ಪ್ರತಿ ಫಂಡ್‌ಗೂ ಎರಡು ತಾರೀಖು ಬೇಕು: ಪಟ್ಟಿಗೆ ಯಾವಾಗ ಸೇರಿತು, ಪಟ್ಟಿಯಿಂದ ಯಾವಾಗ ಹೋಯಿತು. ಇವು ಕೈಗೆ ಸಿಕ್ಕರೆ ಮಿಕ್ಕಿದ್ದು ಕೂಡಿಸಿ ಭಾಗಿಸುವ ಲೆಕ್ಕ ಅಷ್ಟೇ.

ಹಂತ 1: ಐದು ಫಂಡ್‌ಗಳ ಪಟ್ಟಿ

ಕೆಳಗಿನ ಸಂಖ್ಯೆಗಳು ಉದಾಹರಣೆಗಾಗಿ ನಾನೇ ಹಾಕಿಕೊಂಡವು. ತಲೆಯಲ್ಲೇ ಲೆಕ್ಕ ಹಾಕಲು ಬರಲಿ ಅಂತ ಚಿಕ್ಕದಾಗಿ ಇಟ್ಟಿದ್ದೇನೆ. ಎಲ್ಲವೂ ವರ್ಷದ ಲಾಭ, ಶೇಕಡಾದಲ್ಲಿ.

| ಫಂಡ್ | 2021 | 2022 | 2023 |
|---|---|---|---|
| ಫಂಡ್ 1 | 14 | 10 | 12 |
| ಫಂಡ್ 2 | 12 | 8 | 13 |
| ಫಂಡ್ 3 | 10 | 9 | 11 |
| ಫಂಡ್ 4 | 6 | -11 | ಮುಚ್ಚಿದೆ |
| ಫಂಡ್ 5 | -2 | ಮುಚ್ಚಿದೆ | ಮುಚ್ಚಿದೆ |

ಈಗ 2023ರ ಕೊನೆಯಲ್ಲಿ ಒಬ್ಬರು ಡೇಟಾಬೇಸ್ ತೆರೆಯುತ್ತಾರೆ ಅಂದುಕೊಳ್ಳಿ. ಅವರಿಗೆ ಕಾಣುವುದು ಮೊದಲ ಮೂರು ಫಂಡ್ ಮಾತ್ರ. ಆ ಮೂರರ ಸರಾಸರಿ 2021ರಲ್ಲಿ 12, 2022ರಲ್ಲಿ 9, 2023ರಲ್ಲಿ 12. ಮೂರು ವರ್ಷದ ಸರಾಸರಿ ಶೇ 11.

ಇನ್ನು ಆಯಾ ವರ್ಷ ಬದುಕಿದ್ದ ಎಲ್ಲ ಫಂಡ್‌ಗಳನ್ನೂ ಸೇರಿಸಿ ನೋಡೋಣ. 2021ರಲ್ಲಿ ಐದೂ ಇದ್ದವು. ಕೂಡಿಸಿದರೆ 40, ಐದರಿಂದ ಭಾಗಿಸಿದರೆ 8. 2022ರಲ್ಲಿ ನಾಲ್ಕಿದ್ದವು. ಮೊತ್ತ 16, ಸರಾಸರಿ 4. 2023ರಲ್ಲಿ ಮೂರೇ ಇದ್ದವು, ಸರಾಸರಿ 12. ಮೂರು ವರ್ಷದ ಸರಾಸರಿ ಶೇ 8.

ಶೇ 11 ಎಲ್ಲಿ, ಶೇ 8 ಎಲ್ಲಿ! ವರ್ಷಕ್ಕೆ ಪೂರಾ 3 ಅಂಶದ ವ್ಯತ್ಯಾಸ. ರೂಪಾಯಿಯಲ್ಲಿ ನೋಡಿದರೆ, 1 ಲಕ್ಷ ರೂಪಾಯಿ ಮೊದಲ ಲೆಕ್ಕದಲ್ಲಿ 1,36,730 ಆಗುತ್ತದೆ, ಎರಡನೆಯದರಲ್ಲಿ 1,25,798. ಹತ್ತಿರಹತ್ತಿರ 11 ಸಾವಿರ ರೂಪಾಯಿ ಯಾರ ಕೈಗೂ ಬಂದಿಲ್ಲ, ಕಾಗದದ ಮೇಲೆ ಮಾತ್ರ ಇದೆ.

ಈ ಪಟ್ಟಿಯಲ್ಲಿ ಇನ್ನೊಂದು ವಿಷಯ ಅಡಗಿದೆ. 2023ರ ಸರಾಸರಿ ಎರಡು ಲೆಕ್ಕದಲ್ಲೂ 12. ಕೊನೆಯ ವರ್ಷದಲ್ಲಿ ತಪ್ಪೇ ಇಲ್ಲ. ಹಿಂದಕ್ಕೆ ಹೋದಂತೆ ತಪ್ಪು ಕಾಣಿಸಿಕೊಳ್ಳುತ್ತದೆ, ಏಕೆಂದರೆ ಹಳೆಯ ವರ್ಷಗಳಲ್ಲಿ ಇದ್ದ ಫಂಡ್‌ಗಳಿಗೆ ಮುಚ್ಚಿಹೋಗಲು ಜಾಸ್ತಿ ಸಮಯ ಸಿಕ್ಕಿರುತ್ತದೆ. ಹಾಗಾಗಿ ಒಂದು ವರ್ಷದ ಸರಾಸರಿಗಿಂತ ಹತ್ತು ವರ್ಷದ ಸರಾಸರಿಯನ್ನು ನಾನು ಹೆಚ್ಚು ಅನುಮಾನದಿಂದ ನೋಡುತ್ತೇನೆ. ಬಹಳ ಜನ ಇದಕ್ಕೆ ತಿರುಗಾಮುರುಗಾ ಯೋಚಿಸುತ್ತಾರೆ. ಅವಧಿ ಉದ್ದವಾದಷ್ಟೂ ಸಂಖ್ಯೆ ಗಟ್ಟಿ ಅಂದುಕೊಳ್ಳುತ್ತಾರೆ.

ನಿಜ ಲೋಕದಲ್ಲಿ ಈ ವ್ಯತ್ಯಾಸ ಎಷ್ಟಿರುತ್ತದೆ? ಅಮೆರಿಕದ ಅರ್ಥಶಾಸ್ತ್ರಜ್ಞ ಬರ್ಟನ್ ಮಾಲ್ಕಿಯೆಲ್ 1995ರಲ್ಲಿ ಅಲ್ಲಿನ ಈಕ್ವಿಟಿ ಮ್ಯೂಚುವಲ್ ಫಂಡ್‌ಗಳ 1982ರಿಂದ 1991ರವರೆಗಿನ ಲೆಕ್ಕ ತೆಗೆದರು. ಉಳಿದ ಫಂಡ್‌ಗಳ ಸರಾಸರಿ, ಎಲ್ಲ ಫಂಡ್‌ಗಳ ಸರಾಸರಿಗಿಂತ ವರ್ಷಕ್ಕೆ ಹತ್ತಿರಹತ್ತಿರ ಒಂದೂವರೆ ಅಂಶ ಮೇಲಿತ್ತು. ಶ್ರೀಮಂತರ ಮತ್ತು ಸಂಸ್ಥೆಗಳ ಹಣ ನಡೆಸುವ ಹೆಜ್ ಫಂಡ್‌ಗಳಲ್ಲಿ ಇದು ಇನ್ನೂ ದೊಡ್ಡದು. ಮಾಲ್ಕಿಯೆಲ್ ಮತ್ತು ಅತನು ಸಹಾ 2005ರಲ್ಲಿ ಟಾಸ್ ಎಂಬ ಹೆಜ್ ಫಂಡ್ ಡೇಟಾಬೇಸ್ ನೋಡಿದಾಗ 4 ಅಂಶಕ್ಕಿಂತ ಜಾಸ್ತಿ ಸಿಕ್ಕಿತು.

ಆದರೆ ಪಟ್ಟಿಯಿಂದ ಹೋದ ಫಂಡ್ ಎಲ್ಲವೂ ಸೋತ ಫಂಡ್ ಅಂತ ತಿಳಿಯಬೇಡಿ. ಚೆನ್ನಾಗಿ ನಡೆಯುತ್ತಿರುವ ಕೆಲವು ಹೆಜ್ ಫಂಡ್‌ಗಳು ಹೊಸ ಹಣ ಬೇಡ ಅಂತ ತೀರ್ಮಾನಿಸಿ ಡೇಟಾಬೇಸ್‌ಗೆ ಲೆಕ್ಕ ಕೊಡುವುದನ್ನೇ ನಿಲ್ಲಿಸುತ್ತವೆ. ಅವು ಹೋದರೆ ಸರಾಸರಿ ಇಳಿಯುತ್ತದೆ. ಒಟ್ಟಾರೆ ತಪ್ಪು ಮೇಲ್ಮುಖವಾಗಿಯೇ ಇರುವುದು, ಸೋತು ಹೋಗುವವು ಹೆಚ್ಚು ಇರುವುದರಿಂದ.

ಹಂತ 2: ಬಾಗಿಲಿನ ಇನ್ನೊಂದು ಕಡೆ

ಟಾಸ್ 1994ರಿಂದ ಮುಚ್ಚಿದ ಫಂಡ್‌ಗಳನ್ನು ಅಳಿಸದೆ ಬೇರೆ ಪಟ್ಟಿಯಲ್ಲಿ ಇಟ್ಟುಕೊಂಡು ಬಂದಿದೆ. ಆ ಪಟ್ಟಿಯನ್ನು ಆ ಕ್ಷೇತ್ರದವರು "ಸ್ಮಶಾನ" ಅಂತಲೇ ಕರೆಯುತ್ತಾರೆ. ಸ್ಮಶಾನದ ಪಟ್ಟಿ ಸೇರಿಸಿಬಿಟ್ಟರೆ ಎಲ್ಲ ಸರಿಹೋಯಿತು ಅಂತ ಅನಿಸುತ್ತದೆ ಅಲ್ವಾ? ಇಲ್ಲ, ಇನ್ನೊಂದು ತಪ್ಪು ಹಾಗೇ ಉಳಿಯುತ್ತದೆ.

ಹೆಜ್ ಫಂಡ್‌ಗಳು ಇಂಥ ಡೇಟಾಬೇಸ್‌ಗೆ ಲೆಕ್ಕ ಕೊಡಲೇಬೇಕು ಅಂತ ಕಾನೂನಿಲ್ಲ. ಹೂಡಿಕೆದಾರರ ಕಣ್ಣಿಗೆ ಬೀಳಲಿ ಅಂತ ತಾವಾಗಿಯೇ ಕೊಡುತ್ತವೆ. ಹಾಗಿದ್ದರೆ ಯಾವಾಗ ಕೊಡುತ್ತವೆ? ತೋರಿಸಲು ಒಳ್ಳೆಯದೇನಾದರೂ ಇದ್ದಾಗ.

ಒಂದು ಕಂಪನಿ 2021ರಲ್ಲಿ ತನ್ನದೇ ಹಣ ಹಾಕಿ ನಾಲ್ಕು ಸಣ್ಣ ಫಂಡ್ ಶುರುಮಾಡಿತು ಅಂದುಕೊಳ್ಳಿ. ಎರಡು ವರ್ಷ ಹೊರಗಿನವರಿಗೆ ಹೇಳಲಿಲ್ಲ. ಕೋಳಿ ಕಾವು ಕೊಟ್ಟ ಹಾಗೆ ಒಳಗೇ ಇಟ್ಟುಕೊಂಡಿತು.

| ಫಂಡ್ | 2021 | 2022 | 2023 |
|---|---|---|---|
| ಫಂಡ್ 6 | 20 | 18 | 9 |
| ಫಂಡ್ 7 | 16 | 14 | 7 |
| ಫಂಡ್ 8 | 4 | 2 | ಮುಚ್ಚಿದೆ |
| ಫಂಡ್ 9 | -8 | -2 | ಮುಚ್ಚಿದೆ |

2023ರ ಜನವರಿಯಲ್ಲಿ ಕಂಪನಿ ಫಂಡ್ 6 ಮತ್ತು 7ನ್ನು ಡೇಟಾಬೇಸ್‌ಗೆ ಸೇರಿಸಿತು. ಹಿಂದಿನ ಎರಡು ವರ್ಷದ ಲೆಕ್ಕವನ್ನೂ ಕೊಟ್ಟಿತು. ಫಂಡ್ 8 ಮತ್ತು 9ನ್ನು ಸದ್ದಿಲ್ಲದೆ ಮುಚ್ಚಿತು.

ಈಗ ಡೇಟಾಬೇಸ್‌ನಲ್ಲಿ ಕಾಣುವ ಸರಾಸರಿ: 2021ರಲ್ಲಿ 18, 2022ರಲ್ಲಿ 16, 2023ರಲ್ಲಿ 8. ಮೂರು ವರ್ಷದ್ದು ಶೇ 14. ನಾಲ್ಕೂ ಫಂಡ್ ಸೇರಿಸಿದರೆ 2021ರಲ್ಲಿ 8, 2022ರಲ್ಲೂ 8. ಅಂದರೆ ಆ ಕಂಪನಿಯ ನಿಜವಾದ ಕೈಚಳಕ ಶೇ 8ರ ಸುತ್ತಮುತ್ತ. ಪಟ್ಟಿಗೆ ಸೇರಿದ ಮೇಲೆ 6 ಮತ್ತು 7 ಕೊಟ್ಟಿದ್ದೂ ಅಷ್ಟೇ. ನನ್ನ ಉದಾಹರಣೆಯಲ್ಲಿ ಎರಡೂ ಸರಿಯಾಗಿ 8 ಬಂದಿರುವುದು ನಾನು ಹಾಗೆ ಹೊಂದಿಸಿದ್ದರಿಂದ. ನಿಜದಲ್ಲಿ ಇಷ್ಟು ಒಪ್ಪವಾಗಿ ಬರುವುದಿಲ್ಲ.

ಫಂಡ್ 8 ಮತ್ತು 9 ಸ್ಮಶಾನದ ಪಟ್ಟಿಯಲ್ಲೂ ಇಲ್ಲ ಎಂಬುದನ್ನು ಗಮನಿಸಿ. ಅವು ಪಟ್ಟಿಗೆ ಬಂದೇ ಇರಲಿಲ್ಲ. ಬಾರದೆ ಇದ್ದದ್ದನ್ನು ಹುಡುಕಿ ತರಲು ಆಗುವುದಿಲ್ಲ. ಹಾಗಾಗಿ ಇಲ್ಲಿ ಮಾಡಬೇಕಾದದ್ದು ಬೇರೆ. ಸರ್ವೈವರ್‌ಶಿಪ್‌ಗೆ ಮದ್ದು ಹೊಸ ಸಾಲು ಸೇರಿಸುವುದು. ಬ್ಯಾಕ್‌ಫಿಲ್‌ಗೆ ಮದ್ದು ಇರುವ ಸಾಲು ತೆಗೆಯುವುದು. ಫಂಡ್ ಪಟ್ಟಿಗೆ ಸೇರಿದ ತಾರೀಖಿಗಿಂತ ಹಿಂದಿನ ಎಲ್ಲ ಸಂಖ್ಯೆಯನ್ನೂ ಲೆಕ್ಕದಿಂದ ಹೊರಗಿಡಬೇಕು.

"ಆ ಲಾಭ ನಿಜವಾಗಿಯೂ ಬಂದಿತ್ತಲ್ಲ, ಯಾಕೆ ತೆಗೆಯಬೇಕು?" ಎಂದು ಕೇಳಬಹುದು. ನಿಜವೇ. ಆದರೆ ಆಗ ಹೊರಗಿನವರಿಗೆ ಆ ಫಂಡ್ ಇರುವುದೇ ಗೊತ್ತಿರಲಿಲ್ಲ. ಡೇಟಾಬೇಸ್ ನೋಡಿ ಹೂಡುವವರಿಗೆ ಸಿಗುವುದು ಸೇರಿದ ತಾರೀಖಿನ ನಂತರದ ಲಾಭ.

2000ದಲ್ಲಿ ವಿಲಿಯಂ ಫಂಗ್ ಮತ್ತು ಡೇವಿಡ್ ಶೇ ಎಂಬ ಸಂಶೋಧಕರು ಈ ತಪ್ಪನ್ನು ವರ್ಷಕ್ಕೆ 1.4 ಅಂಶ ಅಂತ ಅಂದಾಜು ಮಾಡಿದರು. ಮಾಲ್ಕಿಯೆಲ್ ಮತ್ತು ಸಹಾ ನೋಡಿದಾಗ, ಹಿಂದಿನಿಂದ ತುಂಬಿಸಿದ ಲಾಭ ಆಗಿಂದಾಗ ಕೊಟ್ಟ ಲಾಭಕ್ಕಿಂತ 5 ಅಂಶಕ್ಕೂ ಮೇಲಿತ್ತು. ಇವೆರಡನ್ನೂ ಒಂದರ ಪಕ್ಕ ಒಂದು ಇಟ್ಟು "ಯಾವುದು ಸರಿ" ಅಂತ ಕೇಳಬೇಡಿ. ಒಂದು ಇಡೀ ಸರಾಸರಿ ಎಷ್ಟು ಉಬ್ಬಿತು ಎಂಬುದನ್ನು ಅಳೆಯುತ್ತದೆ, ಇನ್ನೊಂದು ಎರಡು ಬಗೆಯ ತಿಂಗಳುಗಳ ನಡುವಿನ ಅಂತರವನ್ನು.

ಹಂತ 3: ಎರಡನ್ನೂ ಒಂದೇ ಶೀಟಿನಲ್ಲಿ

ಈಗ ಫಂಡ್ 1ರಿಂದ 7ರವರೆಗೆ ಒಂದೇ ಶೀಟಿಗೆ ಹಾಕೋಣ. ವರ್ಷಗಳನ್ನು ಅಡ್ಡಡ್ಡ ಇಡಬೇಡಿ. ಒಂದು ಫಂಡ್, ಒಂದು ವರ್ಷಕ್ಕೆ ಒಂದು ಸಾಲು. ನಮ್ಮಲ್ಲಿ ಒಟ್ಟು 18 ಸಾಲು ಬರುತ್ತವೆ. A ಕಾಲಂನಲ್ಲಿ ಫಂಡ್ ಹೆಸರು, B ವರ್ಷ, C ಲಾಭ, D ಪಟ್ಟಿಗೆ ಸೇರಿದ ವರ್ಷ, E ಇವತ್ತಿನ ಸ್ಥಿತಿ. ಬದುಕಿದ್ದರೆ `live`, ಮುಚ್ಚಿದ್ದರೆ `dead`. ಫಂಡ್ 1ರಿಂದ 5ಕ್ಕೆ D ಕಾಲಂನಲ್ಲಿ 2021, ಫಂಡ್ 6 ಮತ್ತು 7ಕ್ಕೆ 2023.

ಮೊದಲ ಸಾಲನ್ನು ತಲೆಬರಹಕ್ಕೆ ಬಿಟ್ಟು, F2ರಲ್ಲಿ ಈ ಸೂತ್ರ ಬರೆದು ಕೆಳಗಿನವರೆಗೆ ಎಳೆಯಿರಿ:

```
=IF(B2>=D2,1,0)
```

ಆಮೇಲೆ F ಕಾಲಂನಿಂದ ಆಚೆಯ ಖಾಲಿ ಜಾಗದಲ್ಲಿ 2021ಕ್ಕೆ ಮೂರು ಸರಾಸರಿ ತೆಗೆಯಿರಿ:

```
=AVERAGEIFS(C:C,B:B,2021,E:E,"live")
=AVERAGEIFS(C:C,B:B,2021)
=AVERAGEIFS(C:C,B:B,2021,F:F,1)
```

ಮೊದಲನೆಯದು ಇವತ್ತು ಬದುಕಿರುವವು ಮಾತ್ರ. ಎರಡನೆಯದು ಮುಚ್ಚಿದವನ್ನೂ ಸೇರಿಸಿದ್ದು. ಮೂರನೆಯದರಲ್ಲಿ ಮುಚ್ಚಿದವೂ ಇವೆ, ಹಿಂದಿನಿಂದ ತುಂಬಿಸಿದ ಸಾಲುಗಳನ್ನೂ ತೆಗೆದಿದೆ. 2021ರ ಜಾಗದಲ್ಲಿ 2022, 2023 ಹಾಕಿ ಮತ್ತೆ ಮಾಡಿದರೆ ಹೀಗೆ ಬರುತ್ತದೆ:

| ಲೆಕ್ಕ | 2021 | 2022 | 2023 | ಸರಾಸರಿ |
|---|---|---|---|---|
| ಬದುಕಿರುವವು ಮಾತ್ರ | 14.4 | 11.8 | 10.4 | 12.2 |
| ಮುಚ್ಚಿದವೂ ಸೇರಿ | 10.86 | 8 | 10.4 | 9.75 |
| ತುಂಬಿಸಿದ್ದನ್ನೂ ತೆಗೆದು | 8 | 4 | 10.4 | 7.47 |

ಮೊದಲ ಸಾಲನ್ನು ನೋಡಿದರೆ ಈ ಫಂಡ್‌ಗಳು ವರ್ಷದಿಂದ ವರ್ಷಕ್ಕೆ ಮಂಕಾಗುತ್ತಿವೆ ಅನಿಸುತ್ತದೆ. ಕೊನೆಯ ಸಾಲಿನಲ್ಲಿ ಕಥೆಯೇ ಬೇರೆ, ಮೂರು ವರ್ಷಗಳಲ್ಲಿ 2023 ಎಲ್ಲಕ್ಕಿಂತ ಒಳ್ಳೆಯ ವರ್ಷ. ತಪ್ಪು ಸರಾಸರಿಯನ್ನು ಉಬ್ಬಿಸುವುದರ ಜೊತೆಗೆ ಏರಿಳಿತದ ದಿಕ್ಕನ್ನೂ ತಿರುಗಿಸಿಬಿಟ್ಟಿದೆ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಫಂಡ್ ಮುಚ್ಚಿದ ನಂತರದ ವರ್ಷಕ್ಕೆ ಸಾಲನ್ನೇ ಹಾಕಬೇಡಿ. ಅಲ್ಲಿ 0 ಬರೆದರೆ ಶೀಟು ಅದನ್ನು "ಲಾಭವೂ ಇಲ್ಲ, ನಷ್ಟವೂ ಇಲ್ಲ" ಅಂತ ಓದಿಕೊಂಡು ಸರಾಸರಿಗೆ ಸೇರಿಸುತ್ತದೆ. ನಮ್ಮ ಮೊದಲ ಪಟ್ಟಿಯಲ್ಲಿ ಫಂಡ್ 5ಕ್ಕೆ 2022ರಲ್ಲಿ 0 ಹಾಕಿದರೆ ಆ ವರ್ಷದ ಸರಾಸರಿ 4ರ ಬದಲು 3.2 ಆಗುತ್ತದೆ. ಒಂದು ತಪ್ಪು ಸರಿಮಾಡಲು ಹೋಗಿ ಇನ್ನೊಂದು ಮಾಡಿದಂತೆ.

ಇನ್ನೊಂದು ಮಾತು. ಇದು ಎಲ್ಲ ಫಂಡ್‌ಗೂ ಸಮ ತೂಕ ಕೊಟ್ಟ ಲೆಕ್ಕ. ಮುಚ್ಚಿಹೋಗುವ ಫಂಡ್‌ಗಳು ಸಾಮಾನ್ಯವಾಗಿ ಚಿಕ್ಕವು. ಅವುಗಳಲ್ಲಿದ್ದ ಹಣಕ್ಕೆ ತಕ್ಕಂತೆ ತೂಕ ಕೊಟ್ಟರೆ ವ್ಯತ್ಯಾಸ ಕಡಿಮೆಯಾಗಬಹುದು.

ಹಂತ 4: ಸೇರಿದ ತಾರೀಖು ಸಿಗದಿದ್ದರೆ

ಬಹಳ ಡೇಟಾಬೇಸ್‌ಗಳಲ್ಲಿ ಫಂಡ್ ಶುರುವಾದ ತಾರೀಖು ಇರುತ್ತದೆ, ಪಟ್ಟಿಗೆ ಸೇರಿದ ತಾರೀಖು ಇರುವುದಿಲ್ಲ. ಎರಡನ್ನೂ ಒಂದೇ ಅಂದುಕೊಂಡರೆ F ಕಾಲಂ ಪೂರ್ತಿ 1 ಆಗುತ್ತದೆ, ಕೆಲಸ ವ್ಯರ್ಥ.

ಹಳೆಯ ಉಪಾಯ, ಪ್ರತಿ ಫಂಡ್‌ನ ಮೊದಲ 12 ತಿಂಗಳನ್ನು ಕಣ್ಣುಮುಚ್ಚಿ ತೆಗೆದುಬಿಡುವುದು. ಫಂಗ್ ಮತ್ತು ಶೇ ಮಾಡಿದ್ದೂ ಇದನ್ನೇ. ಕೆಲವರು 24 ತಿಂಗಳು ತೆಗೆಯುತ್ತಾರೆ. ಸುಲಭ, ಆದರೆ ಒರಟು. ನಮ್ಮ ಫಂಡ್ 6ರಲ್ಲಿ 12 ತಿಂಗಳು ತೆಗೆದರೆ 20 ಹೋಗುತ್ತದೆ, 18 ಉಳಿಯುತ್ತದೆ. ಅತ್ತ ಮೊದಲ ದಿನದಿಂದಲೇ ಪ್ರಾಮಾಣಿಕವಾಗಿ ಲೆಕ್ಕ ಕೊಟ್ಟ ಫಂಡ್ 5ರ -2 ಕೂಡ ಹೊರಟುಹೋಗುತ್ತದೆ. ತೆಗೆಯಬೇಕಾದದ್ದು ಉಳಿದು, ಉಳಿಯಬೇಕಾದದ್ದು ಹೋಯಿತು.

ಇದಕ್ಕಿಂತ ಒಳ್ಳೆಯ ದಾರಿ, ಪಟ್ಟಿಯನ್ನು ಪ್ರತಿ ತಿಂಗಳೂ ಇಳಿಸಿ ತಾರೀಖು ಬರೆದು ಇಟ್ಟುಕೊಳ್ಳುವುದು. ಮಾರ್ಚ್ ಪಟ್ಟಿಯಲ್ಲಿ ಇಲ್ಲದ ಫಂಡ್ ಏಪ್ರಿಲ್ ಪಟ್ಟಿಯಲ್ಲಿ ಮೂರು ವರ್ಷದ ಇತಿಹಾಸದ ಸಮೇತ ಕಂಡರೆ ಆ ಮೂರು ವರ್ಷ ತುಂಬಿಸಿದ್ದು ಅಂತ ಸಾಕ್ಷಿ ಸಿಕ್ಕಿತು. ಹಳೆಯ ಪಟ್ಟಿ ಸಿಗದಿದ್ದರೆ ಅನುಮಾನ ಪರೀಕ್ಷೆ ಒಂದಿದೆ. ಕ್ಯಾಲೆಂಡರ್ ವರ್ಷ ಬಿಟ್ಟು ಫಂಡ್‌ಗಳ ವಯಸ್ಸಿನ ಪ್ರಕಾರ ಸಾಲು ಮಾಡಿ. ಎಲ್ಲ ಫಂಡ್‌ಗಳ ಮೊದಲ ವರ್ಷದ ಸರಾಸರಿ, ಎರಡನೆಯದರ ಸರಾಸರಿ, ಮೂರನೆಯದರದ್ದು. ಫಂಡ್ 6 ಮತ್ತು 7ರಲ್ಲಿ ಅದು 18, 16, 8. ಹೀಗೆ ಬಾಲ್ಯದಲ್ಲಿ ಎತ್ತರ, ಆಮೇಲೆ ಒಂದೇ ಸಲ ಕುಸಿತ ಕಂಡರೆ, ಕುಸಿದ ಜಾಗದ ಹತ್ತಿರ ಆ ಫಂಡ್‌ಗಳು ಪಟ್ಟಿ ಸೇರಿರುವ ಸಾಧ್ಯತೆ ಜಾಸ್ತಿ.

ಹಂತ 5: ನಮ್ಮ ಮ್ಯೂಚುವಲ್ ಫಂಡ್ ಮೇಲೆ ಮಾಡಿ ನೋಡಿ

ಭಾರತದ ಮ್ಯೂಚುವಲ್ ಫಂಡ್‌ಗಳಲ್ಲಿ ಬ್ಯಾಕ್‌ಫಿಲ್ ತೊಂದರೆ ಕಡಿಮೆ. ಯಾವಾಗ ಬೇಕಾದರೂ ಹಣ ಹಾಕಿ ತೆಗೆಯಬಹುದಾದ ಓಪನ್ ಎಂಡೆಡ್ ಸ್ಕೀಮ್‌ಗಳು ದಿನದಿನದ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಬೆಲೆ, ಹೊರಗೆ ಹೇಳಬೇಕು, ಹಿಂದಿನಿಂದ ತುಂಬಿಸಲು ಜಾಗವಿಲ್ಲ. ದೊಡ್ಡ ಹೂಡಿಕೆದಾರರಿಗಾಗಿ ಇರುವ ಎಐಎಫ್ ಎಂಬ ಖಾಸಗಿ ಫಂಡ್‌ಗಳ ವಿಷಯದಲ್ಲೂ, ಲಾಭವನ್ನು ಒಂದು ಅಳತೆಗೋಲಿಗೆ ಹೋಲಿಸುವ ಬೆಂಚ್‌ಮಾರ್ಕಿಂಗ್ ಅನ್ನು ಸೆಬಿ 2020ರಲ್ಲಿ ಕಡ್ಡಾಯ ಮಾಡಿತು. ಬ್ಯಾಕ್‌ಫಿಲ್ ನಮ್ಮಲ್ಲಿ ಹೊಸ ಸೂಚ್ಯಂಕಗಳ ಮೂಲಕ ಬರುತ್ತದೆ. ನಿಫ್ಟಿ 200 ಮೊಮೆಂಟಮ್ 30 ಸೂಚ್ಯಂಕ ಶುರುವಾಗಿದ್ದು 2020ರಲ್ಲಿ, ಅದರ ಲೆಕ್ಕ ಮಾತ್ರ 2005ರಿಂದ ಇದೆ. ನಡುವಿನ 15 ವರ್ಷ ನಂತರ ಕೂತು ಹಾಕಿದ ಲೆಕ್ಕ. ಫ್ಯಾಕ್ಟ್‌ಶೀಟ್‌ನಲ್ಲಿ ಲಾಂಚ್ ಡೇಟ್ ಮತ್ತು ಬೇಸ್ ಡೇಟ್ ಎರಡೂ ಇರುತ್ತವೆ. ಲಾಂಚ್ ಡೇಟ್ ಅನ್ನೇ ನಮ್ಮ D ಕಾಲಂ ಅಂತ ತಿಳಿಯಿರಿ.

ಸರ್ವೈವರ್‌ಶಿಪ್ ಮಾತ್ರ ನಮ್ಮಲ್ಲೂ ಜೋರಾಗಿದೆ. 2017ರ ಅಕ್ಟೋಬರ್‌ನಲ್ಲಿ ಸೆಬಿ ಒಂದು ಸುತ್ತೋಲೆ ಹೊರಡಿಸಿ, ಇಂಡೆಕ್ಸ್ ಮತ್ತು ಸೆಕ್ಟರ್ ಫಂಡ್‌ನಂಥ ಕೆಲವನ್ನು ಬಿಟ್ಟು, ಒಂದು ಕಂಪನಿಗೆ ಒಂದು ವರ್ಗದಲ್ಲಿ ಒಂದೇ ಸ್ಕೀಮ್ ಅಂತ ಹೇಳಿತು. ಅದರ ನಂತರ ಎಷ್ಟೋ ಸ್ಕೀಮ್‌ಗಳು ಬೇರೆ ಸ್ಕೀಮ್‌ಗಳಲ್ಲಿ ಲೀನವಾದವು.

ನೀವೇ ಲೆಕ್ಕ ಹಾಕಲು ಇಎಲ್‌ಎಸ್‌ಎಸ್, ಅಂದರೆ ತೆರಿಗೆ ಉಳಿಸುವ ಈಕ್ವಿಟಿ ಸ್ಕೀಮ್‌ಗಳ ವರ್ಗ ಆರಿಸಿಕೊಳ್ಳಿ. ಮಿಕ್ಕ ವರ್ಗಗಳ ಹೆಸರು 2018ರ ಹೊತ್ತಿಗೆ ಬದಲಾದವು, ಇಎಲ್‌ಎಸ್‌ಎಸ್ ಅದಕ್ಕೂ ಮೊದಲಿಂದ ಬೇರೆ ವರ್ಗವಾಗಿಯೇ ಇದೆ. ಮ್ಯೂಚುವಲ್ ಫಂಡ್ ಕಂಪನಿಗಳ ಸಂಘವಾದ ಆಂಫಿಯ ಜಾಲತಾಣದಲ್ಲಿ ಹಳೆಯ ಎನ್‌ಎವಿ ಇಳಿಸುವ ಪುಟವಿದೆ. ಅಲ್ಲಿ 2013ರ ಏಪ್ರಿಲ್‌ನ ಯಾವುದಾದರೂ ವ್ಯವಹಾರದ ದಿನ ಕೊಟ್ಟರೆ ಅವತ್ತು ಇದ್ದ ಸ್ಕೀಮ್‌ಗಳು ಬರುತ್ತವೆ. ನಂತರ ಮುಚ್ಚಿದವೂ ಅದರಲ್ಲಿರುತ್ತವೆ. ಇದೇ ನಿಮ್ಮ ಮೂಲ ಪಟ್ಟಿ. ಇವತ್ತಿನ ಪಟ್ಟಿ ಹಿಡಿದು ಹಿಂದಕ್ಕೆ ಹೋಗಬೇಡಿ, ಅವತ್ತಿನ ಪಟ್ಟಿ ಹಿಡಿದು ಮುಂದಕ್ಕೆ ಬನ್ನಿ.

ಓಪನ್ ಎಂಡೆಡ್ ಇಎಲ್‌ಎಸ್‌ಎಸ್‌ನ ರೆಗ್ಯುಲರ್ ಪ್ಲಾನ್, ಗ್ರೋಥ್ ಆಯ್ಕೆ ಮಾತ್ರ ಉಳಿಸಿಕೊಳ್ಳಿ. ಹಾಗೆ ಮಾಡದಿದ್ದರೆ ಒಂದೇ ಸ್ಕೀಮ್ ಮೂರು ನಾಲ್ಕು ಸಲ ಎಣಿಕೆಗೆ ಬರುತ್ತದೆ. ನಾನು ಮೊದಲ ಸಲ ಮಾಡಿದಾಗ ಡಿವಿಡೆಂಡ್ ಆಯ್ಕೆಗಳನ್ನು ತೆಗೆದಿರಲಿಲ್ಲ. ಹಣ ಹಂಚಿದಾಗ ಎನ್‌ಎವಿ ಇಳಿಯುತ್ತದೆ, ನಾನು ಅದನ್ನು ನಷ್ಟ ಅಂತ ಎಣಿಸಿ ಎರಡು ಸಂಜೆ ಕಳೆದಿದ್ದೆ.

ಆಮೇಲೆ ಸ್ಕೀಮ್ ಕೋಡ್ ಹಿಡಿದು ಇವತ್ತಿನ ಪಟ್ಟಿಗೆ ಹೋಲಿಸಿ. ಹೆಸರು ಹಿಡಿದು ಹೋಲಿಸಿದರೆ ಕೆಡುತ್ತದೆ, ಏಕೆಂದರೆ ಕಂಪನಿ ಕೈಬದಲಾದಾಗ ಸ್ಕೀಮ್ ಹೆಸರೂ ಬದಲಾಗುತ್ತದೆ. ಬದುಕಿರುವ ಸ್ಕೀಮ್ ಸತ್ತಂತೆ ಕಾಣುತ್ತದೆ. ಇವತ್ತಿನ ಪಟ್ಟಿಯಲ್ಲಿ ಸಿಗದ ಕೋಡ್‌ಗಳನ್ನು ಬೇರೆ ಬರೆದುಕೊಂಡು, ಅವುಗಳ ಎನ್‌ಎವಿ ಯಾವ ದಿನ ನಿಂತಿತು ಎಂದು ಹುಡುಕಿ.

ನಿಂತ ಸ್ಕೀಮ್ ಇನ್ನೊಂದರಲ್ಲಿ ಲೀನವಾಗಿದ್ದರೆ ಅಲ್ಲಿಗೇ ನಿಲ್ಲಿಸಬೇಡಿ. ಹಣ ಹಾಕಿದವರ ಹಣ ಹೊಸ ಸ್ಕೀಮ್‌ಗೆ ಹೋಗಿರುತ್ತದೆ. ಲೀನವಾದ ದಿನದವರೆಗೆ ಹಳೆಯ ಸ್ಕೀಮ್‌ನ ಎನ್‌ಎವಿ, ಮರುದಿನದಿಂದ ಹೊಸದರ ಎನ್‌ಎವಿ. ಉದಾಹರಣೆಗೆ 2013ರಲ್ಲಿ 20 ಇದ್ದ ಹಳೆಯ ಎನ್‌ಎವಿ ಲೀನವಾದ ದಿನ 30 ಆಗಿತ್ತು, ಹೊಸ ಸ್ಕೀಮ್‌ನ ಎನ್‌ಎವಿ ಆ ದಿನ 50 ಇದ್ದದ್ದು ಕೊನೆಯ ದಿನ 80 ಆಯಿತು ಅನ್ನಿ. ಮೊದಲ ಭಾಗ ಒಂದೂವರೆ ಪಟ್ಟು, ಎರಡನೆಯದು 1.6 ಪಟ್ಟು. ಗುಣಿಸಿದರೆ 2.4. ಅಂದರೆ 10,000 ರೂಪಾಯಿ 24,000 ಆಯಿತು. 80ನ್ನು 20ರಿಂದ ಭಾಗಿಸಿ ನಾಲ್ಕು ಪಟ್ಟು ಅಂತ ಬರೆದುಬಿಟ್ಟರೆ ತಪ್ಪು. ಯಾವುದು ಯಾವುದರಲ್ಲಿ ಲೀನವಾಯಿತು ಎಂಬುದು ಫಂಡ್ ಕಂಪನಿಯ ಜಾಲತಾಣದಲ್ಲಿರುವ ಹಳೆಯ ಬದಲಾವಣೆ ಪ್ರಕಟಣೆಗಳಲ್ಲಿ, ಅಂದರೆ ಅಡೆಂಡಮ್‌ಗಳಲ್ಲಿ ಸಿಗುತ್ತದೆ. ಹುಡುಕಲು ತಾಳ್ಮೆ ಬೇಕು.

ಕೊನೆಯಲ್ಲಿ ಎರಡು ಸರಾಸರಿ ಅಕ್ಕಪಕ್ಕ ಇಡಿ: ಅವತ್ತಿನ ಎಲ್ಲ ಸ್ಕೀಮ್‌ಗಳದ್ದು, ಇವತ್ತಿಗೂ ಉಳಿದವುಗಳದ್ದು. ಪಕ್ಕದಲ್ಲಿ ಅವತ್ತು ಎಷ್ಟಿದ್ದವು, ಇವತ್ತು ಎಷ್ಟು ಉಳಿದಿವೆ ಎಂದೂ ಬರೆಯಿರಿ. ಫಂಡ್‌ಗಳನ್ನು ಸೂಚ್ಯಂಕಕ್ಕೆ ಹೋಲಿಸಿ ಎಸ್‌ಆ್ಯಂಡ್‌ಪಿ ಹೊರತರುವ ಸ್ಪೈವಾ ಇಂಡಿಯಾ ವರದಿ ಅವಧಿಯ ಆರಂಭದಲ್ಲಿ ಇದ್ದ ಫಂಡ್‌ಗಳನ್ನೇ ಲೆಕ್ಕಕ್ಕೆ ಹಿಡಿಯುತ್ತದೆ, ಎಷ್ಟು ಶೇಕಡಾ ಉಳಿದವು ಎಂದೂ ಕೊಡುತ್ತದೆ. ನಿಮ್ಮ ಎಣಿಕೆ ದಾರಿ ತಪ್ಪಿಲ್ಲವೇ ಎಂದು ನೋಡಲು ಇಎಲ್‌ಎಸ್‌ಎಸ್ ಸಾಲನ್ನು ಅದರ ಜೊತೆ ಹೋಲಿಸಬಹುದು. ಉಳಿದವುಗಳ ಶೇಕಡಾವಾರು ಬಹಳ ದೂರ ಇದ್ದರೆ, ಮೊದಲು ಸ್ಕೀಮ್ ಕೋಡ್ ಹೋಲಿಸಿದ ಕಾಲಂಗೆ ಹಿಂತಿರುಗಿ.